ನೋಡುವವರಿಗೆ ರೀಲ್, ಕೊಳ್ಳುವವರಿಗೆ ಫೋಟೊ

ಇಳಕಲ್‌ನ ಎರಡು ಮಗ್ಗದ ಮನೆಯೊಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಮಾವ ಮತ್ತು ಮಗ ನೇಯುತ್ತಾರೆ, ಅತ್ತೆ ಕಂಡಿಕೆ ಸುತ್ತುತ್ತಾರೆ, ಪದವಿ ಮುಗಿಸಿ ಬಂದ ಸೊಸೆ ಮೊಬೈಲ್ ನೋಡಿಕೊಳ್ಳುತ್ತಾಳೆ. ತಿಂಗಳಿಗೆ ಎಂಟು ಸೀರೆ ಮಗ್ಗದಿಂದ ಇಳಿಯುತ್ತವೆ. ಅಂಗಡಿಯವರಿಗೆ ಕೊಟ್ಟರೆ ಕೂಲಿ ಗಿಟ್ಟಿದರೆ ಹೆಚ್ಚು. ಉಡುವವರಿಗೇ ನೇರವಾಗಿ ಮಾರಿದರೆ ಸೀರೆಗೆ ಏಳುನೂರು ರೂಪಾಯಿ ಹೆಚ್ಚಿಗೆ ಉಳಿಯುತ್ತದೆ ಎಂದುಕೊಳ್ಳಿ. ಹಾಗಾಗಿ ಮನೆಯವರು ತಮ್ಮದೇ ಒಂದು ಹೆಸರಿಟ್ಟುಕೊಂಡು ಇನ್‌ಸ್ಟಾಗ್ರಾಂನಲ್ಲಿ ಖಾತೆ ತೆರೆದಿದ್ದಾರೆ. ಜಾಹೀರಾತಿಗೆ ದುಡ್ಡಿಲ್ಲ. ಇರುವುದು ಹನ್ನೆರಡು ಸಾವಿರದ ಒಂದು ಮೊಬೈಲ್, ಮನೆಗೆಲಸ ಮುಗಿದ ಮೇಲೆ ಸೊಸೆಗೆ ದಿನಕ್ಕೆ ಸಿಗುವ ಒಂದು ತಾಸು. ಆ ಒಂದು ತಾಸನ್ನು ಆಕೆ ರೀಲ್ ಮಾಡುವುದಕ್ಕೆ ಕೊಡಬೇಕೋ, ಫೋಟೊ ಹಾಕುವುದಕ್ಕೋ?

ಯಾರನ್ನು ಕೇಳಿದರೂ ರೀಲ್ ಎನ್ನುತ್ತಾರೆ. ಅದಕ್ಕೆ ಕಾರಣವೂ ಇದೆ. 2020ರ ಜೂನ್ ಕೊನೆಗೆ ನಮ್ಮಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರು ಮಾಡಿತು. ಅಂದಿನಿಂದ ಆ ಆ್ಯಪ್ ಹೊಸಬರ ಮುಂದೆ ಮುಖ್ಯವಾಗಿ ತಂದಿಡುವುದು ಚಿಕ್ಕ ವಿಡಿಯೊಗಳನ್ನೇ. ನಾಲ್ಕುನೂರು ಜನ ಹಿಂಬಾಲಿಸುವ ಖಾತೆಯಲ್ಲಿ ಹಾಕಿದ ಫೋಟೊ ಬಹುಮಟ್ಟಿಗೆ ಆ ನಾಲ್ಕುನೂರರಲ್ಲೇ ಕೆಲವರಿಗೆ ಕಂಡು ಸುಮ್ಮನಾಗುತ್ತದೆ. ರೀಲ್ ಹಾಗಲ್ಲ, ಹೆಸರೇ ಕೇಳದವರ ಮೊಬೈಲಿಗೂ ಹೋಗುತ್ತದೆ. ಆದ್ದರಿಂದ ನಾಲ್ಕು ಜನಕ್ಕೆ ಗೊತ್ತಾಗಬೇಕಾದರೆ ರೀಲ್ ಮಾಡಿ ಎನ್ನುವ ಮಾತಿನಲ್ಲಿ ತಪ್ಪಿಲ್ಲ. ತಿಂಗಳಿಗೆ ಎಂಟೇ ಸೀರೆ ಇರುವವರಿಗೆ ಎಷ್ಟು ಜನಕ್ಕೆ ಗೊತ್ತಾಗಬೇಕು ಎನ್ನುವುದನ್ನು ಮಾತ್ರ ಆ ಮಾತು ಹೇಳುವುದಿಲ್ಲ.

ರೀಲ್ ಗೆದ್ದರೆ ಏನಾಗುತ್ತದೆ ನೋಡೋಣ. ದಾಳಿಂಬೆ ಕೆಂಪು ಒಡಲಿನ ಒಂದು ಸೀರೆಯನ್ನು ಬಿಸಿಲಿಗೆ ಹಿಡಿದು, ಸೆರಗು ಬಿಚ್ಚಿ ತೋರಿಸಿ, ಹಾಡು ಹಾಕಿ ಬಿಟ್ಟರು. ನಲವತ್ತು ಸಾವಿರ ಜನ ನೋಡಿದರು. ನೂರೈವತ್ತು ಮೆಸೇಜು ಬಂದವು: "ಅಕ್ಕಾರ, ರೇಟ್ ಎಷ್ಟರೀ?" ಮೊದಲು ಕೇಳಿದವರಿಗೆ ಸೀರೆ ಹೋಯಿತು. ಉಳಿದ ನೂರ ನಲವತ್ತೊಂಬತ್ತು ಜನಕ್ಕೆ ಒಂದೇ ಉತ್ತರ: "ಖಾಲಿ ಆಗೇತ್ರಿ." ಅದೇ ಬಣ್ಣದ್ದು ಇನ್ನೊಂದು ಇದೆಯೇ ಎಂದರೆ ಇಲ್ಲ, ಕೈಮಗ್ಗದ ಮನೆಯಲ್ಲಿ ಒಂದು ಸೀರೆಯಂಥದ್ದೇ ಇನ್ನೊಂದು ಕಪಾಟಿನಲ್ಲಿ ಇರುವುದೇ ಅಪರೂಪ. ಉತ್ತರ ಬರೆಯುವುದರಲ್ಲೇ ಆಕೆಯ ನಾಲ್ಕು ದಿನದ ತಾಸು ಹೋಯಿತು. ರೀಲ್ ಅಲ್ಲಿಗೆ ನಿಲ್ಲಲಿಲ್ಲ. ಎರಡು ತಿಂಗಳ ಮೇಲೂ ಯಾರದೋ ಮೊಬೈಲಿನಲ್ಲಿ ಅದು ಓಡುತ್ತಲೇ ಇರುತ್ತದೆ, "ಇದು ಬೇಕು" ಎಂದು ಜನ ಕೇಳುತ್ತಲೇ ಇರುತ್ತಾರೆ. ಮಾರಿಹೋದ ಸೀರೆಗೆ ಪ್ರಚಾರ ನಡೆದೇ ಇರುತ್ತದೆ.

ಬಜೆಟ್ ಇಲ್ಲದ ಕೈಮಗ್ಗದವರು ಗಮನಿಸಬೇಕಾದ ವ್ಯತ್ಯಾಸ ಇಲ್ಲಿದೆ. ಒಂದು ಸೀರೆ ಮನೆಯಲ್ಲಿರುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಅದನ್ನು ನೇಯುವ ರೀತಿ ವರ್ಷಗಟ್ಟಲೆ ಬದಲಾಗುವುದಿಲ್ಲ. ಹೆಚ್ಚು ದಿನ ಓಡುವ ವಿಡಿಯೊದಲ್ಲಿ ನೇಯ್ಗೆಯನ್ನು ಇಡಬೇಕು; ಮಾರಿದ ಮೇಲೆ ತೆಗೆದುಹಾಕಬಹುದಾದ ಫೋಟೊದಲ್ಲಿ ಸೀರೆಯನ್ನು ಇಡಬೇಕು. ಬಹಳಷ್ಟು ಮನೆಗಳು ಇದನ್ನು ತಿರುಗುಮುರುಗು ಮಾಡುತ್ತವೆ. ಸೀರೆಯನ್ನು ರೀಲ್‌ನಲ್ಲಿ ಕುಣಿಸುತ್ತಾರೆ, ಮಗ್ಗದ ಫೋಟೊ ಒಂದನ್ನು ಹಾಕಿ "ನಮ್ಮ ಪರಂಪರೆ" ಎಂದು ಬರೆಯುತ್ತಾರೆ. ಮಗ್ಗ ಫೋಟೊದಲ್ಲಿ ಕಟ್ಟಿಗೆಯ ಚೌಕಟ್ಟಿನಂತೆ ಕಾಣುತ್ತದೆಯೇ ಹೊರತು ಅದು ಏನು ಮಾಡುತ್ತದೆಂದು ಯಾರಿಗೂ ತಿಳಿಯುವುದಿಲ್ಲ.

ಇಳಕಲ್ ಸೀರೆಯಲ್ಲಂತೂ ವಿಡಿಯೊಗೆಂದೇ ಮಾಡಿಟ್ಟಂಥ ಒಂದು ಕೆಲಸವಿದೆ, ಅದು ಕೊಂಡಿ. ಈ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ಸೆರಗಿನ ಹಾಸು ಕೆಂಪು ರೇಷ್ಮೆ. ಒಡಲಿನ ಎಳೆಗಳ ತುದಿಗೆ ಸೆರಗಿನ ಎಳೆಗಳ ತುದಿಯನ್ನು ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸುತ್ತಾ ಹೋಗುತ್ತಾರೆ, ಸಾವಿರಾರು ಎಳೆ, ಒಂದೊಂದಾಗಿ, ಕೈಯಲ್ಲೇ. ಹಾಗೆ ಕೂಡಿಸಿದ್ದರಿಂದಲೇ ಸೆರಗು ಅಷ್ಟು ಅಚ್ಚ ಕೆಂಪಾಗಿ ಬರುವುದು. ಅದರ ಮೇಲೆ ಕೆಂಪು ಬಿಳಿ ಪಟ್ಟಿಗಳು ಸೇರುವಲ್ಲಿ ಹಣಿಗೆಯ ಹಲ್ಲಿನಂಥ, ಕೋಟೆಯ ತೆನೆಯಂಥ, ಜೋಳದ ತೆನೆಯಂಥ ಆಕಾರಗಳು ಕೂರುತ್ತವೆ. ಟೋಪ್ ತೆನಿ ಸೆರಗು ಎನ್ನುವುದು ಇದನ್ನೇ. ಸೀರೆಯ ಆರಂಭದಿಂದ ಕೊನೆಯವರೆಗೆ ಒಂದೇ ಹಾಸು ಓಡುವ ಬಟ್ಟೆಯಲ್ಲಿ ಈ ಕೊಂಡಿಯ ಸಾಲು ಇರಲು ಸಾಧ್ಯವಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ ಎಂದು ಬರೆಯುವುದಕ್ಕಿಂತ ಬೆರಳುಗಳು ಎಳೆಗೆ ಎಳೆ ಸಿಕ್ಕಿಸುವುದನ್ನು ಹದಿನೈದು ಸೆಕೆಂಡು ತೋರಿಸುವುದು ಹೆಚ್ಚು ಹೇಳುತ್ತದೆ.

ಈ ಕೊಂಡಿಯಿಂದ ವ್ಯಾಪಾರಕ್ಕೂ ಒಂದು ಅನುಕೂಲವಿದೆ. ಒಂದು ಸೀರೆಗೆ ಒಂದು ಹಾಸು ಎಂಬ ರೂಢಿ ಇರುವುದರಿಂದ ಒಬ್ಬರೇ ಗಿರಾಕಿಗೆ ಬೇಕಾದ ಬಣ್ಣದಲ್ಲಿ, ಬೇಕಾದ ಅಳತೆಯಲ್ಲಿ, ಅಂದರೆ ಆರು ಗಜವೋ ಎಂಟು ಗಜವೋ, ನೇಯ್ದು ಕೊಡಬಹುದು. ಆದ್ದರಿಂದ ಕೊಂಡಿಯ ವಿಡಿಯೊ ನೋಡಿ ಬಂದವರಿಗೆ "ಖಾಲಿ ಆಗೇತ್ರಿ" ಎನ್ನಬೇಕಾಗಿಲ್ಲ. "ಒಡಲು ಯಾವ ಬಣ್ಣದ್ದು ಬೇಕ್ರಿ? ದಡಿ ಗೋಮಿ ಇರಲೋ, ಗಾಡಿ ಇರಲೋ? ಇಪ್ಪತ್ತೈದು ದಿನ ಹಿಡೀತೇತಿ, ಅರ್ಧ ರೊಕ್ಕ ಮುಂಗಡ" ಎನ್ನಬಹುದು. ಸೀರೆ ತೋರಿಸುವ ರೀಲ್ ಮುಗಿದ ಸರಕಿಗೆ ಗಿರಾಕಿ ತಂದರೆ, ನೇಯ್ಗೆ ತೋರಿಸುವ ರೀಲ್ ಮುಂದಿನ ತಿಂಗಳ ಹಾಸಿಗೆ ಗಿರಾಕಿ ತರುತ್ತದೆ.

ಆದರೆ ಹಾಗೆ ಬಂದವರು ದುಡ್ಡು ಕೊಡುವ ಮೊದಲು ಏನು ಮಾಡುತ್ತಾರೆ? ಖಾತೆಯೊಳಗೆ ಹೋಗಿ ಹಳೆಯದನ್ನೆಲ್ಲ ನೋಡುತ್ತಾರೆ. ಬಣ್ಣ ನಿಜವಾಗಿ ಹೇಗಿದೆ, ದಡಿ ಎಷ್ಟು ಅಗಲ, ಬೆಲೆ ಎಷ್ಟು ಎಂದು ಹುಡುಕುತ್ತಾರೆ. ಅಲ್ಲಿ ಬರೀ ರೀಲ್‌ಗಳಿದ್ದರೆ ಪ್ರತಿಯೊಂದನ್ನೂ ತೆರೆದು, ಬೇಕಾದ ಕ್ಷಣದಲ್ಲಿ ಬೆರಳಿಟ್ಟು ನಿಲ್ಲಿಸಿ ನೋಡಬೇಕು. ಓಡುವ ವಿಡಿಯೊವನ್ನು ಹಿಗ್ಗಿಸಿ ನೂಲಿನ ದಪ್ಪ ನೋಡಲು ಆಗುವುದಿಲ್ಲ, ಅಕ್ಕನಿಗೆ ಕಳಿಸಿ "ಇದಾ, ಅದಾ?" ಎಂದು ಕೇಳಲೂ ಫೋಟೊದಷ್ಟು ಸಲೀಸಲ್ಲ. ಮೂರೂವರೆ ಸಾವಿರ ಕೊಡುವವರು ನಿಂತು ನೋಡಬೇಕು. ನಿಂತ ಚಿತ್ರ ಇಲ್ಲದ ಖಾತೆಯಲ್ಲಿ ಅವರು ಕಷ್ಟಪಟ್ಟು ಹುಡುಕುವುದಿಲ್ಲ, ಹೊರಟುಹೋಗುತ್ತಾರೆ. ಹಾಗಾಗಿ ಮೊದಲು ಸರಿಮಾಡಬೇಕಾದ್ದು ಫೋಟೊ. ರೀಲ್ ಆಮೇಲೆ.

ಒಂದು ಸೀರೆಗೆ ಐದಾರು ಫೋಟೊ ಸಾಕು, ಅವನ್ನು ಒಂದೇ ಪೋಸ್ಟಿನಲ್ಲಿ ಪಕ್ಕಕ್ಕೆ ಸರಿಸಿ ನೋಡುವಂತೆ ಹಾಕಬಹುದು. ಮೊದಲನೆಯದರಲ್ಲಿ ಸೆರಗು, ದಡಿ, ಒಡಲು ಮೂರೂ ಕಾಣುವಂತೆ ಮಡಿಸಿದ ಸೀರೆ. ಆಮೇಲೆ ಪೂರ್ತಿ ಬಿಚ್ಚಿದ ಸೆರಗು. ದಡಿಯ ಮೇಲೆ ಅಳತೆಪಟ್ಟಿ ಇಟ್ಟು ತೆಗೆದ ಒಂದು. "ದೊಡ್ಡ ದಡಿ" ಎಂದು ಬರೆದರೆ ಒಬ್ಬೊಬ್ಬರು ಒಂದೊಂದು ಅಗಲ ಊಹಿಸುತ್ತಾರೆ. ಕೊಂಡಿಯ ಸಾಲು ಕಾಣುವಂತೆ ಹತ್ತಿರದಿಂದ ಒಂದು. ಬಟ್ಟೆಯ ಹಿಂಬದಿ ಒಂದು. ಮನೆಗೆ ಕೈಮಗ್ಗ ಮುದ್ರೆಯ ನೋಂದಣಿ ಇದ್ದರೆ ಆ ಲೇಬಲ್ಲಿನದು ಒಂದು. 2006ರಲ್ಲಿ ಬಂದ ಈ ಮುದ್ರೆಯನ್ನು ಅನೇಕರು ಸೀರೆಯ ಮೂಲೆಗೆ ಹಚ್ಚಿ ಸುಮ್ಮನಿರುತ್ತಾರೆ, ಗಿರಾಕಿಗೆ ತೋರಿಸುವುದೇ ಇಲ್ಲ. ಕೆಳಗೆ ಬರೆಯುವಾಗ ಅಳತೆ, ನೂಲು, ಬೆಲೆ ಮೂರನ್ನೂ ಬರೆಯಬೇಕು. ದಡಿ ಅಪ್ಪಟ ರೇಷ್ಮೆಯೋ, ಊರಿನಲ್ಲಿ ಚಮಕಾ ಎನ್ನುವ ಆರ್ಟ್ ಸಿಲ್ಕೋ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಬೆಲೆ ಬರೆಯದೆ "ಮೆಸೇಜ್ ಮಾಡಿ" ಎನ್ನುವ ಚಾಳಿ ಯಾರಿಂದ ಶುರುವಾಯಿತೋ, ಒಂದು ತಾಸಷ್ಟೇ ಕೈಯಲ್ಲಿರುವವರಿಗೆ ಅದು ಶುದ್ಧ ನಷ್ಟ. ಬೆಲೆ ನೋಡಿ ಹಿಂದೆ ಸರಿಯುವವರಿಗೂ ಅದೇ ಉತ್ತರ ಬರೆಯುತ್ತಾ ಕೂರಬೇಕಾಗುತ್ತದೆ.

ತೊಂದರೆ ಕೊಡುವುದು ಕೆಂಪು. ಇಳಕಲ್ ಸೆರಗಿನ ಕೆಂಪನ್ನು ಸಾಧಾರಣ ಮೊಬೈಲ್ ಕ್ಯಾಮೆರಾ ಸರಿಯಾಗಿ ಹಿಡಿಯುವುದಿಲ್ಲ. ಬಣ್ಣ ಉಕ್ಕಿ ಇಡೀ ಸೆರಗು ಒಂದೇ ಬಣ್ಣ ಬಳಿದ ಹಾಗೆ ಕಾಣುತ್ತದೆ, ತೆನೆಯ ಅಂಚು, ನೇಯ್ಗೆಯ ಎಳೆ ಯಾವುದೂ ಉಳಿಯುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಇನ್ನೂ ಕೆಡುತ್ತದೆ, ಬಿಳಿ ಪಟ್ಟಿ ನೀಲಿಗೆ ತಿರುಗುತ್ತದೆ. ನೇರ ಬಿಸಿಲಿನಲ್ಲಿ ರೇಷ್ಮೆ ಹೊಳೆದು ಬಣ್ಣವೇ ಮಾಸಿದಂತಾಗುತ್ತದೆ. ದಾರಿ ಸುಲಭದ್ದೇ. ಬೆಳಿಗ್ಗೆ ಹತ್ತರ ಸುಮಾರಿಗೆ ನೆರಳಿರುವ ಪಡಸಾಲೆಯಲ್ಲೋ, ಬಿಸಿಲು ಒಳಗೆ ಬೀಳದ ಕಿಟಕಿಯ ಪಕ್ಕದಲ್ಲೋ ಸೀರೆ ಹಾಸಿ, ಪರದೆಯ ಮೇಲೆ ಸೆರಗು ಇರುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಫೋಕಸ್ ಕೂತ ಮೇಲೆ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದು ಬೆಳಕು ಸ್ವಲ್ಪ ತಗ್ಗಿಸಬೇಕು. ಎಳೆಗಳು ಮತ್ತೆ ಕಾಣತೊಡಗಿದ ಕಡೆ ನಿಲ್ಲಿಸಿ ತೆಗೆಯಬೇಕು. ಚೌಕಟ್ಟಿನ ಮೂಲೆಯಲ್ಲಿ ಒಂದು ಬಿಳಿ ಹಾಳೆ ಇಟ್ಟುಕೊಳ್ಳುವುದು ಒಳ್ಳೆಯದು. ಫೋಟೊದಲ್ಲಿ ಹಾಳೆ ಹಳದಿಯಾಗಿ ಕಂಡರೆ ಸೀರೆಯೂ ಅಷ್ಟೇ ಹಳದಿಗೆ ತಿರುಗಿದೆ ಎಂದರ್ಥ. ಆಮೇಲೆ ಹಾಳೆಯ ಭಾಗವನ್ನು ಕತ್ತರಿಸಿ ಹಾಕಿದರಾಯಿತು. ಚಂದ ಕಾಣಲೆಂದು ಫಿಲ್ಟರ್ ಹಾಕಬಾರದು. ಫಿಲ್ಟರ್ ನೋಡಿ ಕೊಂಡ ಸೀರೆ ಅಂಚೆಯಲ್ಲಿ ವಾಪಸ್ ಬಂದರೆ ಹೋಗಿ ಬರುವ ಖರ್ಚಿನಲ್ಲೇ ಆ ಏಳುನೂರರ ದೊಡ್ಡ ಪಾಲು ಕರಗುತ್ತದೆ.

ಸಣ್ಣ ಚೌಕಳಿಯ ಒಡಲಿದ್ದರೆ ಇನ್ನೊಂದು ಕಿರಿಕಿರಿ ಇದೆ. ನೂಲಿನ ಚೌಕಗಳೂ ಕ್ಯಾಮೆರಾದ ಚುಕ್ಕೆಗಳೂ ಒಂದರ ಮೇಲೊಂದು ಬಿದ್ದು ಬಟ್ಟೆಯಲ್ಲಿಲ್ಲದ ಅಲೆಗಳು ಫೋಟೊದಲ್ಲಿ ಕಾಣುತ್ತವೆ. ಒಂದು ಹೆಜ್ಜೆ ಹಿಂದೆ ಸರಿದರೆ, ಇಲ್ಲವೇ ಹತ್ತಿರ ಹೋದರೆ ಅದು ಹೋಗುತ್ತದೆ.

ಇಷ್ಟಕ್ಕೆ ಸೀರೆಗೆ ನಲವತ್ತು ನಿಮಿಷ ಹಿಡಿಯುತ್ತದೆ ಎಂದುಕೊಂಡರೆ, ಎಂಟು ಸೀರೆಗೆ ತಿಂಗಳಿಗೆ ಸುಮಾರು ಐದೂವರೆ ತಾಸು. ಇದೇ ಫೋಟೊಗಳು ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗಿಗೂ ಹೋಗುತ್ತವೆ, ಅದಕ್ಕೆ ದುಡ್ಡಿಲ್ಲ. ಹಳೆಯ ಗಿರಾಕಿಗಳಿಗೆ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಬಹುದು. ಆದರೆ ಅವರು ನಿಮ್ಮ ನಂಬರ್ ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಸೀರೆಯ ಪಾರ್ಸೆಲ್ಲಿನಲ್ಲಿ "ಈ ನಂಬರ್ ಸೇವ್ ಮಾಡಿಕೊಳ್ರಿ" ಎಂಬ ಒಂದು ಚೀಟಿ ಇಡುವುದು ಹತ್ತು ರೀಲ್‌ಗಿಂತ ಹೆಚ್ಚು ಕೆಲಸ ಮಾಡಬಹುದು.

ಇನ್ನು ರೀಲ್. ತಿಂಗಳಿಗೆ ಎರಡು ಸಾಕು ಎನ್ನುವುದು ನನ್ನ ಲೆಕ್ಕ. ಅದಕ್ಕಾಗಿ ಮಗ್ಗ ನಿಲ್ಲಿಸಬಾರದು. ಕ್ಯಾಮೆರಾ ಕಡೆ ನೋಡುತ್ತಾ ಮತ್ತೆ ಮತ್ತೆ ಮಾಡು ಎಂದರೆ ನೇಕಾರನ ಅರ್ಧ ದಿನ ಹೋಗುತ್ತದೆ, ಬೆರಳ ಓಟವೂ ಹೋಗುತ್ತದೆ. ಕೊಂಡಿ ಹಾಕುವ ದಿನ ಒಂದು ಸ್ಟೂಲಿನ ಮೇಲೆ ಮೊಬೈಲ್ ಕಟ್ಟಿಟ್ಟು ಸುಮ್ಮನೆ ಓಡಲು ಬಿಡಬೇಕು. ಕುಣಿ ಮಗ್ಗದ ಕೋಣೆ ಕತ್ತಲೆಯದು, ಆದ್ದರಿಂದ ಎಲ್ಲರೂ ಟ್ಯೂಬ್‌ಲೈಟ್ ಹಾಕುತ್ತಾರೆ, ಆಗ ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತವೆ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಹಳೆಯ ಟ್ಯೂಬ್‌ಲೈಟು ಅದರಲ್ಲಿ ನೂರು ಸಲ ಮಿನುಗುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಮೊಬೈಲ್ ಆ ಮಿನುಗಿಗೆ ತಾಳ ತಪ್ಪುತ್ತದೆ. ದೀಪ ಆರಿಸಿ ಬಾಗಿಲು ತೆರೆಯುವುದು ಎಲ್ಲಕ್ಕಿಂತ ಸುಲಭ. ಆಗದಿದ್ದರೆ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಮಿನುಗು ತಡೆಯುವ ಆಯ್ಕೆ ಇದ್ದರೆ ಅದನ್ನು 50 ಹರ್ಟ್ಸ್‌ಗೆ ಇಡಬೇಕು.

ಸದ್ದು ಮಗ್ಗದ್ದೇ ಇರಲಿ. ಸಿನಿಮಾ ಹಾಡು ಹಾಕಿದರೆ ಹೆಚ್ಚು ಓಡುತ್ತದೆ ಎಂಬ ನಂಬಿಕೆ ಇದೆ, ಆದರೆ ವ್ಯಾಪಾರದ ಖಾತೆಗೆ ಆ ಹಾಡುಗಳ ಹಕ್ಕು ಸಿಗುವುದಿಲ್ಲ. ಹಾಕಿದರೆ ಎಂದಾದರೊಂದು ದಿನ ವಿಡಿಯೊದ ಸದ್ದು ಅಡಗಬಹುದು. ಮಗ್ಗದ ಖಟ್ ಖಟ್ ಯಾರ ಸೊತ್ತೂ ಅಲ್ಲ, ಬೆರಳಿನ ಕೆಲಸಕ್ಕೆ ಅದಕ್ಕಿಂತ ಒಪ್ಪುವ ಹಿನ್ನೆಲೆಯೂ ಇಲ್ಲ. ಮೊದಲ ಎರಡು ಮೂರು ಸೆಕೆಂಡಿನಲ್ಲೇ ಬೆರಳು, ಎಳೆ ಕಾಣಬೇಕು. ದೇವರ ಫೋಟೊ, ಮನೆಯ ಹೆಸರು, ಊರಿನ ಬೋರ್ಡು ಎಂದು ಶುರುಮಾಡಿದರೆ ಜನ ಮೇಲಕ್ಕೆ ತಳ್ಳಿ ಮುಂದೆ ಹೋಗಿರುತ್ತಾರೆ. ಪರದೆಯ ಮೇಲೆ ಒಂದು ಸಾಲು ಬರೆದರೆ ಸಾಕು: "ಒಡಲಿಗೂ ಸೆರಗಿಗೂ ಎಳೆ ಸೇರಿಸುವುದು ಹೀಗೆ." ಕೆಳಗಿನ ಬರಹದಲ್ಲಿ ಇಳಕಲ್ ಎಂಬುದರ ಜೊತೆಗೆ ಇರಕಲ್ ಎಂದೂ ಮರಾಠಿಯಲ್ಲಿ ಬರೆಯುವುದು ಒಳ್ಳೆಯದು. ಸೊಲ್ಲಾಪುರ, ಪುಣೆ ಕಡೆಯ ಹೆಂಗಸರು ಈ ಸೀರೆಯನ್ನು ತಲೆಮಾರುಗಳಿಂದ ಉಟ್ಟವರು, ಅವರು ಹುಡುಕುವುದು ಆ ಹೆಸರಿನಿಂದಲೇ.

ಎರಡನೆಯ ರೀಲ್ ಉಟ್ಟು ತೋರಿಸುವುದಕ್ಕೆ. ಕೈಮಗ್ಗದ ಹತ್ತಿ ಸೀರೆ ಉಬ್ಬಿ ನಿಲ್ಲುತ್ತದೆಯೇ, ನೆರಿಗೆ ಕೂರುತ್ತದೆಯೇ ಎಂಬ ಅನುಮಾನಕ್ಕೆ ಫೋಟೊ ಉತ್ತರ ಕೊಡಲಾರದು. ಮನೆಯವರೇ ಯಾರಾದರೂ ಉಟ್ಟು ಹತ್ತು ಹೆಜ್ಜೆ ನಡೆದರೆ ಸಾಕು. ಇದನ್ನೂ ಪ್ರತಿ ಸೀರೆಗೆ ಮಾಡಬೇಕಾಗಿಲ್ಲ, ಒಂದು ಬಗೆಯ ನೂಲಿಗೆ ಒಂದು. ಮಾಡಿಟ್ಟುಕೊಂಡರೆ ಕೇಳಿದವರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಉತ್ತರವಾಗಿಯೂ ಅದು ವರ್ಷವಿಡೀ ಬಳಕೆಗೆ ಬರುತ್ತದೆ.

ಎರಡು ರೀಲ್‌ಗೆ ತೆಗೆಯುವುದು, ಕತ್ತರಿಸುವುದು ಸೇರಿ ಆರು ತಾಸು. ಫೋಟೊಗೆ ಐದೂವರೆ. ಮೂವತ್ತು ತಾಸಿನಲ್ಲಿ ಉಳಿದ ಹದಿನೆಂಟೂವರೆ ಉತ್ತರ ಕೊಡುವುದಕ್ಕೆ, ಪ್ಯಾಕ್ ಮಾಡುವುದಕ್ಕೆ, ಹಳೆಯ ಗಿರಾಕಿಗಳ ಜೊತೆ ಮಾತಿಗೆ. ದಿನಕ್ಕೊಂದು ರೀಲ್ ಎಂದು ಹೊರಟವರಿಗೆ ಈ ಹದಿನೆಂಟೂವರೆ ತಾಸೇ ಇರುವುದಿಲ್ಲ. ಕೇಳಿದವರಿಗೆ ಮರುದಿನ ಉತ್ತರ ಹೋಗುತ್ತದೆ, ಅಷ್ಟರಲ್ಲಿ ಅವರು ಬೇರೆಡೆ ಕೊಂಡಿರುತ್ತಾರೆ.

ಯಾವುದು ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಎಷ್ಟು ಜನ ನೋಡಿದರು ಎಂಬ ದೊಡ್ಡ ಅಂಕಿ ಇಲ್ಲಿ ಹೆಚ್ಚು ಸಹಾಯ ಮಾಡುವುದಿಲ್ಲ. ರೀಲ್‌ನ ಇನ್‌ಸೈಟ್ಸ್ ತೆರೆದರೆ ನೋಡಿದವರಲ್ಲಿ ಹಿಂಬಾಲಕರಲ್ಲದವರು ಎಷ್ಟು ಎಂದು ತೋರಿಸುತ್ತದೆ, ಹೊಸಬರ ಬಳಿ ಹೋಯಿತೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು ಎಂಬುದನ್ನೂ ನೋಡಬೇಕು. ಹೊಸಬರಿಗೆ ತಲುಪಿಸುವಾಗ ಹೀಗೆ ಕಳಿಸುವುದಕ್ಕೆ ಹೆಚ್ಚು ಬೆಲೆ ಇದೆ ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಮ್ ಮೊಸ್ಸೆರಿಯೇ ಹೇಳಿದ್ದಾರೆ. ಫೋಟೊದಲ್ಲಿ ನೋಡಬೇಕಾದ್ದು ಎಷ್ಟು ಜನ ಉಳಿಸಿಕೊಂಡರು ಎಂಬುದನ್ನು. ಕೊಳ್ಳುವ ಮನಸ್ಸಿರುವವರು ಲೈಕ್ ಒತ್ತದಿದ್ದರೂ ಉಳಿಸಿಟ್ಟುಕೊಳ್ಳುತ್ತಾರೆ.

ಇವೆಲ್ಲಕ್ಕಿಂತ ನಂಬಬೇಕಾದ್ದು ಒಂದು ಸಾದಾ ನೋಟುಬುಕ್ಕನ್ನು. ಕೇಳಿದ ಪ್ರತಿಯೊಬ್ಬರಿಗೂ "ಮೊದಲು ನಮ್ಮ ಸೀರೆ ಎಲ್ಲಿ ನೋಡಿದ್ರಿ?" ಎಂದು ಕೇಳಿ ಬರೆದಿಡಬೇಕು, ಕೊಂಡರೋ ಇಲ್ಲವೋ ಎಂಬುದನ್ನೂ. ಉದಾಹರಣೆಗೆ ಮೂರು ತಿಂಗಳಲ್ಲಿ ರೀಲ್ ನೋಡಿ ಅರವತ್ತು ಜನ ಕೇಳಿದರು, ಇಬ್ಬರು ಕೊಂಡರು. ಕ್ಯಾಟಲಾಗ್ ನೋಡಿ ಇಪ್ಪತ್ತು ಜನ ಕೇಳಿದರು, ಆರು ಜನ ಕೊಂಡರು ಎಂದುಕೊಳ್ಳಿ. ಮೇಲ್ನೋಟಕ್ಕೆ ರೀಲ್ ದಂಡ ಅನ್ನಿಸುತ್ತದೆ. ಆದರೆ ಆ ಆರರಲ್ಲಿ ನಾಲ್ವರು ಎರಡು ತಿಂಗಳ ಹಿಂದೆ ಕೊಂಡಿಯ ರೀಲ್ ನೋಡಿ ನಂಬರ್ ಉಳಿಸಿಕೊಂಡವರು ಎಂದು ನೋಟುಬುಕ್ಕಿನಲ್ಲಿ ಕಂಡರೆ ರೀಲ್ ನಿಲ್ಲಿಸಬಾರದು. ಮೂರರಲ್ಲಿ ಒಬ್ಬರೂ ರೀಲ್‌ನಿಂದ ಬಂದವರಲ್ಲದಿದ್ದರೆ ಆ ಆರು ತಾಸನ್ನು ಬೇರೆ ಕೆಲಸಕ್ಕೆ ಕೊಡಬಹುದು. ಒಂದು ರೀಲ್ ಓಡಿತೆಂದೋ ಬಿತ್ತೆಂದೋ ನಿರ್ಧಾರ ಮಾಡುವುದು ಬೇಡ. ಇಷ್ಟು ಸಣ್ಣ ವ್ಯಾಪಾರದಲ್ಲಿ ಒಂದೆರಡು ಮಾರಾಟ ಯಾವ ಕಾರಣಕ್ಕೆ ಬೇಕಾದರೂ ಹೆಚ್ಚುಕಡಿಮೆ ಆಗುತ್ತದೆ.

ಹಬ್ಬದ ಲೆಕ್ಕದಲ್ಲೂ ಎರಡಕ್ಕೂ ಸಮಯ ಬೇರೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿ ಹೆಣ್ಣುಮಕ್ಕಳ ದೊಡ್ಡ ಹಬ್ಬ. ನೇಯಲು ಇಪ್ಪತ್ತೈದು ದಿನ ಬೇಕಾದ ಮೇಲೆ ಕೊಂಡಿಯ ರೀಲ್ ಹಬ್ಬಕ್ಕೆ ಒಂದೂವರೆ ತಿಂಗಳು ಮೊದಲೇ ಹೋಗಬೇಕು, ಆಗ ಬಂದ ಆರ್ಡರು ಮುಗಿಸಿ ಕೊಡಲು ಆಗುತ್ತದೆ. ಕೈಯಲ್ಲಿರುವ ಸೀರೆಗಳ ಫೋಟೊ ಹಬ್ಬಕ್ಕೆ ಎರಡು ವಾರ ಇರುವಾಗ ಹೋದರೆ ಸಾಕು. ವಾರ ಉಳಿದಾಗ ಹೊಸ ರೀಲ್ ಬಿಟ್ಟರೆ ಕೊಡಲಾಗದ ಆರ್ಡರುಗಳಷ್ಟೇ ಬರುತ್ತವೆ.

ಈ ಲೆಕ್ಕ ಎಲ್ಲ ಕೈಮಗ್ಗಕ್ಕೂ ಒಂದೇ ಅಲ್ಲ. ಗುಳೇದಗುಡ್ಡದ ಖಣ ಉದ್ದ ಥಾನಿನಲ್ಲಿ ಇಳಿಯುವ ಬಟ್ಟೆ, ಒಂದೇ ವಿನ್ಯಾಸದಲ್ಲಿ ಹಲವರಿಗೆ ಕುಪ್ಪಸಕ್ಕೆ ಕತ್ತರಿಸಿ ಕೊಡಬಹುದು. ಅಲ್ಲಿ ಸರಕನ್ನೇ ರೀಲ್‌ನಲ್ಲಿ ತೋರಿಸಿದರೂ ನಡೆಯುತ್ತದೆ, ನೂರು ಜನ ಕೇಳಿದರೆ ನಾಲ್ವತ್ತು ಜನಕ್ಕಾದರೂ ಹೂಂ ಎನ್ನಬಹುದು, ಬೆಲೆಯೂ ನೂರಿನ ಲೆಕ್ಕದ್ದಾದ್ದರಿಂದ ಜನ ಹೆಚ್ಚು ಯೋಚಿಸದೆ ಕೊಳ್ಳುತ್ತಾರೆ. ಇಳಕಲ್‌ನ ನಮ್ಮ ಮನೆಯವರು ನೆಂಟರ ಕಡೆಯಿಂದ ಒಂದಿಷ್ಟು ಖಣ ತರಿಸಿಟ್ಟುಕೊಂಡರೆ, ಸೀರೆ ಸಿಗದೆ ಹೋದವರಿಗೆ ಕೊಡಲು ಏನಾದರೂ ಕೈಯಲ್ಲಿರುತ್ತದೆ; ಖಣ ಕೊಂಡವರ ನಂಬರೂ ಮುಂದಿನ ಪಂಚಮಿಯ ಪಟ್ಟಿಗೆ ಸೇರುತ್ತದೆ.